ಸ್ಟಾರ್, ಫೋಲ್ಡರ್, ಲೇಬಲ್, ಸ್ನೂಜ್: ಉತ್ತರಕ್ಕೆ ಕಾಯ್ತಿರೋ ಮೇಲ್‌ಗೆ ಯಾವುದು ಸರಿ?

ನೀವು ಯಾರಿಗೋ ಏನೋ ಕೇಳಿ ಒಂದು ಮೇಲ್ ಕಳಿಸಿದ್ರಿ ಅಂತಿಟ್ಕೊಳ್ಳಿ. ಕಳಿಸಿದ ಮರುಕ್ಷಣ ಅದು ಕಣ್ಣಿಂದ ಮಾಯ. ಸೆಂಟ್ ಒಳಗೆ ಹೋಗಿ ಕೂತಿರುತ್ತೆ, ಸೆಂಟ್ ತೆಗೆದು ದಿನಾ ನೋಡೋರು ನನಗಂತೂ ಯಾರೂ ಸಿಕ್ಕಿಲ್ಲ. ಆ ಕಡೆಯವರು ಉತ್ತರ ಕೊಟ್ರೆ ಸರಿ, ಇನ್‌ಬಾಕ್ಸ್‌ಗೆ ಬರುತ್ತೆ, ಕಾಣುತ್ತೆ, ಮುಂದಿನದು ನೋಡ್ಕೋತೀವಿ. ಕೊಡದೇ ಇದ್ರೆ? ಏನೂ ಆಗಲ್ಲ. ಬರದೇ ಇರೋ ಮೇಲ್‌ಗೆ ನೋಟಿಫಿಕೇಶನ್ ಇಲ್ವಲ್ಲ. ಹತ್ತು ದಿನ ಆದ್ಮೇಲೆ ಯಾವುದೋ ಮೀಟಿಂಗ್‌ನಲ್ಲಿ "ಅದೇನಾಯ್ತು" ಅಂತ ಯಾರಾದ್ರೂ ಕೇಳಿದಾಗ ನಮಗೆ ಎದೆ ಧಸಕ್ ಅನ್ನುತ್ತೆ.

ಅದಕ್ಕೇ ಮೇಲ್‌ಗಳನ್ನ ಮೂರು ಥರ ಗುರುತು ಮಾಡ್ಕೊಳ್ಳೋದು. ಮುಂದಿನ ಹೆಜ್ಜೆ ನನ್ನದಾದ್ರೆ "ಮಾಡೋದು", ಮುಂದಿನ ಹೆಜ್ಜೆ ಬೇರೆಯವರದಾಗಿದ್ದು ನಾನು ಅದಕ್ಕೆ ಕಾಯ್ತಿದ್ರೆ "ಕಾಯ್ತಿರೋದು", ಯಾರ ಹೆಜ್ಜೆಯೂ ಬಾಕಿ ಇಲ್ಲ ಆದ್ರೆ ಮುಂದೆ ಬೇಕಾಗಬಹುದು ಅಂದ್ರೆ "ರೆಫರೆನ್ಸ್". ಇದನ್ನ ಹೇಳೋದು ಸುಲಭ. ಯಾವ ಸಾಧನದಿಂದ ಗುರುತು ಹಾಕೋದು ಅನ್ನೋದ್ರಲ್ಲಿ ಎಲ್ಲರೂ ಎಡವೋದು, ಯಾಕಂದ್ರೆ ಸ್ಟಾರ್, ಫ್ಲ್ಯಾಗ್, ಫೋಲ್ಡರ್, ಲೇಬಲ್, ಕ್ಯಾಟಗರಿ, ಸ್ನೂಜ್ ಎಲ್ಲವೂ ಮೇಲ್ನೋಟಕ್ಕೆ ಒಂದೇ ಕೆಲಸ ಮಾಡೋ ಥರ ಕಾಣುತ್ತೆ.

"ಮಾಡೋದು" ಮತ್ತು "ರೆಫರೆನ್ಸ್" ಎರಡಕ್ಕೂ ಯಾವ ಸಾಧನ ಆದ್ರೂ ಹೆಚ್ಚು ಕಮ್ಮಿ ನಡೆಯುತ್ತೆ. ಇವುಗಳ ನಡುವಿನ ವ್ಯತ್ಯಾಸ ಬಯಲಾಗೋದು "ಕಾಯ್ತಿರೋದು" ಗುರುತಲ್ಲಿ. ಹಂಗಾಗಿ ನಾನು ಆಯ್ಕೆ ಮಾಡುವಾಗ ಎರಡೇ ಪ್ರಶ್ನೆ ಕೇಳ್ಕೋತೀನಿ. ಉತ್ತರ ಬಂದಾಗ, ಅದು ನಾನು ಕಾಯ್ತಿದ್ದ ವಿಷಯಕ್ಕೇ ಬಂದಿದ್ದು ಅಂತ ನೋಡಿದ ಕೂಡ್ಲೇ ಗೊತ್ತಾಗುತ್ತಾ? ಉತ್ತರ ಬರದೇ ಇದ್ದಾಗ, ಬಂದಿಲ್ಲ ಅನ್ನೋದು ನನಗೆ ಎಲ್ಲಾದ್ರೂ ಕಾಣುತ್ತಾ? ಈ ಎರಡನ್ನೂ ಇಟ್ಕೊಂಡು ಒಂದೊಂದಾಗಿ ನೋಡೋಣ.

ಅನ್‌ರೀಡ್ ಆಗಿ ಬಿಡೋದು

ಇದನ್ನ ಬೇಗ ಮುಗಿಸ್ತೀನಿ. ಓದಿ, ಮತ್ತೆ "ಅನ್‌ರೀಡ್" ಮಾಡಿ ಬಿಡೋದು, ಆಮೇಲೆ ನೋಡ್ತೀನಿ ಅಂತ. ನಾನೂ ಎರಡು ವರ್ಷ ಹಿಂಗೇ ಮಾಡ್ತಿದ್ದೆ. ಒಂದು ದಿನ ಮೊಬೈಲ್‌ನಲ್ಲಿ ಬೇರೆ ಏನೋ ಹುಡುಕುವಾಗ ಬೆರಳು ತಾಗಿ ಒಂದು ಮೇಲ್ ಓಪನ್ ಆಯ್ತು, ಬ್ಯಾಕ್ ಒತ್ತಿ ವಾಪಸ್ ಬಂದೆ, ಅಷ್ಟರಲ್ಲಿ ಅದು ರೀಡ್ ಆಗಿತ್ತು, ನನಗೆ ಗಮನಕ್ಕೇ ಬರ್ಲಿಲ್ಲ. ಅದರಲ್ಲಿ ಒಂದು ಫಾರ್ಮ್ ತುಂಬಿ ಕಳಿಸೋದಿತ್ತು, ಕೊನೆ ದಿನಾಂಕ ದಾಟಿದ ಮೇಲೆ ಸಿಕ್ತು. ಗುರುತು ಅನ್ನೋದು ಆಕಸ್ಮಿಕವಾಗಿ ಅಳಿಸಿಹೋಗೋ ಹಂಗಿದ್ರೆ ಅದು ಗುರುತೇ ಅಲ್ಲ. ಇನ್ನು ಕಾಯ್ತಿರೋ ವಿಷಯಕ್ಕೆ ಬಂದ್ರೆ, ನಾವೇ ಕಳಿಸಿದ ಮೇಲ್‌ನ ಅನ್‌ರೀಡ್ ಮಾಡಿಟ್ಕೊಳ್ಳೋರು ಯಾರು?

ಸ್ಟಾರ್, ಫ್ಲ್ಯಾಗ್

ಸ್ಟಾರ್‌ನ ಒಳ್ಳೇ ಗುಣ ಅಂದ್ರೆ ವೇಗ. ಒಂದು ಸಲ ಒತ್ತಿದ್ರೆ ಮುಗೀತು, ಮತ್ತೆ ಎಲ್ಲಾ ಆ್ಯಪ್‌ನಲ್ಲೂ ಕಾಣುತ್ತೆ. ಮೇಲ್ ಆ್ಯಪ್‌ಗಳು ಸರ್ವರ್ ಜೊತೆ ಮಾತಾಡೋ ಐಮ್ಯಾಪ್ ಅನ್ನೋ ಪದ್ಧತಿಯಲ್ಲಿ `\Flagged` ಅಂತ ಒಂದು ಗುರುತು ಮೊದಲಿಂದ ಇದೆ, ಜಿಮೇಲ್‌ನಲ್ಲಿ ಹಾಕಿದ ಸ್ಟಾರ್ ಬೇರೆ ಆ್ಯಪ್‌ನಲ್ಲಿ ಫ್ಲ್ಯಾಗ್ ಆಗಿ ಕಾಣೋದು ಇದರಿಂದಲೇ. ಆದ್ರೆ ಅದು ಹೌದು ಅಥವಾ ಇಲ್ಲ, ಅಷ್ಟೇ. ಮೂರು ಸ್ಥಿತಿ ಇರೋ ವಿಷಯನ ಎರಡೇ ಸ್ಥಿತಿ ಇರೋ ಸ್ವಿಚ್‌ನಲ್ಲಿ ಹೇಳೋಕಾಗಲ್ಲ.

ಜಿಮೇಲ್‌ನಲ್ಲಿ ಬಣ್ಣ ಬಣ್ಣದ ಸ್ಟಾರ್ ಇದ್ಯಲ್ಲ ಅಂತ ಕೆಲವರು ಹೇಳ್ತಾರೆ, ನಿಜ. ಕಂಪ್ಯೂಟರ್‌ನಲ್ಲಿ ಸೆಟ್ಟಿಂಗ್ಸ್ ಒಳಗೆ General ಟ್ಯಾಬ್‌ನಲ್ಲಿ Stars ಅಂತ ಇದೆ, ಅಲ್ಲಿ ಒಟ್ಟು 12 ಥರದ್ದು ಸಿಗುತ್ತೆ, ಬೇಕಾದ್ದನ್ನ ಎಳೆದು ಮೇಲೆ ಹಾಕ್ಕೊಂಡ್ರೆ ಸ್ಟಾರ್ ಮೇಲೆ ಒತ್ತಿದಷ್ಟೂ ಒಂದೊಂದಾಗಿ ಬದಲಾಗ್ತಾ ಹೋಗುತ್ತೆ. ನೇರಳೆ ಪ್ರಶ್ನೆ ಚಿಹ್ನೆಯನ್ನ "ಕಾಯ್ತಿರೋದು" ಅಂತ ಇಟ್ಕೊಂಡು `has:purple-question` ಅಂತ ಹುಡುಕಬಹುದು. ನೋಡೋಕೆ ಚಂದ, ನಾನೂ ಒಂದಷ್ಟು ದಿನ ಖುಷಿಯಾಗಿ ಬಳಸಿದೆ. ಆದ್ರೆ ಮೊಬೈಲ್ ಆ್ಯಪ್‌ನಲ್ಲಿ ಈ ಬಣ್ಣದ ಆಟ ನಡೆಯಲ್ಲ, ಅಲ್ಲಿ ಸಾದಾ ಸ್ಟಾರ್ ಮಾತ್ರ. ಅರ್ಧ ಮೇಲ್ ಮೊಬೈಲ್‌ನಲ್ಲೇ ಓದೋರಿಗೆ ಇದು ಅಲ್ಲಿಗೇ ಕೈ ಕೊಡುತ್ತೆ. ಪೂರ್ತಿ ಕಂಪ್ಯೂಟರ್ ಮುಂದೆ ಕೂತೇ ಕೆಲಸ ಮಾಡ್ತೀರಾ ಅಂದ್ರೆ ಮಾತ್ರ ಯೋಚಿಸಿ.

ಔಟ್‌ಲುಕ್ ಫ್ಲ್ಯಾಗ್ ಕಥೆ ಸ್ವಲ್ಪ ಬೇರೆ, ಅದಕ್ಕೆ ಆಮೇಲೆ ಬರ್ತೀನಿ, ಅಲ್ಲಿ ಒಂದು ಒಳ್ಳೇ ಸೌಲಭ್ಯ ಇದೆ.

ಫೋಲ್ಡರ್

ಹಳೇ ಕಾಲದ ಆಫೀಸ್ ಪದ್ಧತಿ. ಮೂರು ಫೋಲ್ಡರ್ ಮಾಡಿ, ಮೇಲ್‌ನ ಎಳೆದು ಹಾಕಿ. ಇನ್‌ಬಾಕ್ಸ್ ಖಾಲಿ ಆಗೋ ಖುಷಿ ಇದ್ರಲ್ಲಿ ಸಿಗೋವಷ್ಟು ಬೇರೆ ಯಾವುದ್ರಲ್ಲೂ ಸಿಗಲ್ಲ, ಮತ್ತೆ ಹೆಚ್ಚು ಕಮ್ಮಿ ಎಲ್ಲಾ ಮೇಲ್ ಸೇವೆಯಲ್ಲೂ ಎಲ್ಲಾ ಆ್ಯಪ್‌ನಲ್ಲೂ ಫೋಲ್ಡರ್ ಅಥವಾ ಅದರ ಥರದ್ದೇ ಒಂದು ಇರುತ್ತೆ.

ಆದ್ರೆ ಕಾಯ್ತಿರೋ ಮೇಲ್ ವಿಷಯದಲ್ಲಿ ಏನಾಗುತ್ತೆ ನೋಡಿ. ನೀವು ಪ್ರಶ್ನೆ ಕೇಳಿದ ಮೇಲ್‌ನ ಸೆಂಟ್‌ನಿಂದ "ಕಾಯ್ತಿರೋದು" ಫೋಲ್ಡರ್‌ಗೆ ಹಾಕಿದ್ರಿ. ನಾಲ್ಕು ದಿನ ಆದ್ಮೇಲೆ ಉತ್ತರ ಬಂತು, ಅದು ಬಂದು ಬೀಳೋದು ಇನ್‌ಬಾಕ್ಸ್‌ಗೆ. ನೀವು ಓದಿ ಕೆಲಸ ಮುಗಿಸಿದ್ರಿ. ಫೋಲ್ಡರ್‌ನಲ್ಲಿರೋ ಹಳೇ ಮೇಲ್‌ಗೆ ಇದ್ಯಾವುದೂ ಗೊತ್ತಿಲ್ಲ, ಅದು ಅಲ್ಲೇ ಇನ್ನೂ ಕಾಯ್ತಾ ಕೂತಿದೆ. ಇಂಥವು ಒಂದು ತಿಂಗಳಲ್ಲಿ 30-40 ಸೇರ್ಕೊಂಡ್ರೆ ಫೋಲ್ಡರ್ ತೆಗೆದಾಗ ಯಾವುದು ನಿಜವಾಗಿ ಬಾಕಿ, ಯಾವುದು ಮುಗಿದಿದ್ದು ಅಂತ ಒಂದೊಂದನ್ನೂ ಬಿಚ್ಚಿ ನೋಡ್ಬೇಕು. ಎರಡು ಸಲ ಹಂಗೆ ಮಾಡಿದ ಮೇಲೆ ಮೂರನೇ ಸಲ ಆ ಫೋಲ್ಡರ್ ತೆಗೆಯೋಕೇ ಮನಸ್ಸು ಬರಲ್ಲ, ಅಲ್ಲಿಗೆ ನಿಜವಾಗಿ ಬಾಕಿ ಇರೋದೂ ಮುಗಿದಿರೋದ್ರ ಜೊತೆ ಹೂತುಹೋಯ್ತು.

ಫೋಲ್ಡರ್ ಕೆಟ್ಟಿದ್ಯಾ ಅಂತ ತಿಳ್ಕೊಳ್ಳೋಕೆ ಸುಲಭ ದಾರಿ ಇದೆ: ಅದರಲ್ಲಿರೋ ಮೇಲ್‌ಗಳಲ್ಲಿ ಯಾವುದಾದ್ರೂ ಐದನ್ನ ಕಣ್ಮುಚ್ಚಿ ಆರಿಸಿ, ಎರಡಕ್ಕಾದ್ರೂ ಆಗ್ಲೇ ಉತ್ತರ ಬಂದಿದ್ರೆ ಆ ಪಟ್ಟಿನ ನಂಬಂಗಿಲ್ಲ.

"ರೆಫರೆನ್ಸ್"ಗೆ ಮಾತ್ರ ಫೋಲ್ಡರ್ ತಪ್ಪೇನಿಲ್ಲ, ಅಲ್ಲಿರೋ ಮೇಲ್‌ಗಳ ಸ್ಥಿತಿ ಬದಲಾಗಲ್ವಲ್ಲ.

ಸ್ನೂಜ್

ಸ್ನೂಜ್ ಮಾಡಿದ್ರೆ ಮೇಲ್ ಇನ್‌ಬಾಕ್ಸ್‌ನಿಂದ ಹೋಗಿ ನೀವು ಹೇಳಿದ ದಿನ ವಾಪಸ್ ಬರುತ್ತೆ. ಉತ್ತರ ಬರದೇ ಇರೋದು ಕಾಣುತ್ತಾ ಅನ್ನೋ ಎರಡನೇ ಪ್ರಶ್ನೆಗೆ ಇದಕ್ಕಿಂತ ಒಳ್ಳೇ ಉತ್ತರ ಇಲ್ಲ. ಉಳಿದ ಎಲ್ಲಾ ಸಾಧನದಲ್ಲೂ ನೀವೇ ಪಟ್ಟಿ ತೆಗೆದು ನೋಡ್ಬೇಕು, ಇದು ಮಾತ್ರ ತಾನೇ ಎದ್ದು ಬರುತ್ತೆ. ಜಿಮೇಲ್‌ನಲ್ಲಿ ಸೆಂಟ್‌ನಲ್ಲಿರೋ ಮೇಲ್‌ನೂ ಸ್ನೂಜ್ ಮಾಡಬಹುದು, ಮಧ್ಯದಲ್ಲೇ ಉತ್ತರ ಬಂದ್ರೆ ಅದು ಇನ್‌ಬಾಕ್ಸ್‌ಗೆ ಬರುತ್ತೆ, ಸ್ನೂಜ್ ಆಗಿದೆ ಅಂತ ಅಡಗಿ ಕೂರಲ್ಲ. ಯಾವುದೆಲ್ಲ ಸ್ನೂಜ್ ಆಗಿದೆ ಅಂತ ನೋಡೋಕೆ `in:snoozed`.

ಕೊರತೆ ಏನಂದ್ರೆ ಅದು ಯಾವಾಗ ಅಂತ ಹೇಳುತ್ತೆ, ಯಾಕೆ ಅಂತ ಹೇಳಲ್ಲ. ಗುರುವಾರ ಬೆಳಿಗ್ಗೆ ಏಳು ಮೇಲ್ ಒಟ್ಟಿಗೆ ವಾಪಸ್ ಬಂದು ಮೇಲೆ ಕೂತ್ರೆ, ಇದು ನಾನು ಮಾಡ್ಬೇಕಾಗಿದ್ದಾ, ಅವರನ್ನ ಕೇಳ್ಬೇಕಾಗಿದ್ದಾ ಅಂತ ಮತ್ತೆ ಮೊದಲಿಂದ ಓದ್ಬೇಕು. ಹಂಗೆ ಓದೋಕೆ ಬೇಜಾರಾಗಿ ಮತ್ತೆ ಸ್ನೂಜ್ ಮಾಡ್ತೀವಿ. ಒಂದೇ ಮೇಲ್‌ನ ಮೂರನೇ ಸಲ ಸ್ನೂಜ್ ಮಾಡ್ತಿದೀರಾ ಅಂದ್ರೆ ಅಲ್ಲಿ ಬೇಕಾಗಿರೋದು ಇನ್ನೊಂದು ದಿನಾಂಕ ಅಲ್ಲ, ಆ ಕಡೆಗೆ ಒಂದು ಫೋನು. ಇನ್ನೊಂದು ವಿಷಯ, ಸ್ನೂಜ್ ಅನ್ನೋದು ಆಯಾ ಆ್ಯಪ್ ಅಥವಾ ಸೇವೆಯ ಸ್ವಂತ ಏರ್ಪಾಡು, ಒಂದೇ ಅಕೌಂಟ್‌ನ ಎರಡು ಬೇರೆ ಬೇರೆ ಆ್ಯಪ್‌ನಲ್ಲಿ ನೋಡೋರು ಇದನ್ನೊಂದೇ ನಂಬ್ಕೊಬೇಡಿ.

ಲೇಬಲ್

ನಾನು ಕೊನೆಗೆ ನಿಂತಿದ್ದು ಇಲ್ಲಿ, ಅದಕ್ಕೇ ಇದನ್ನ ಸ್ವಲ್ಪ ನಿಧಾನವಾಗಿ ಹೇಳ್ತೀನಿ. ಇಲ್ಲಿ ಜಿಮೇಲ್ ಇಟ್ಕೊಂಡು ಹೇಳೋದು, ಯಾಕಂದ್ರೆ ಲೇಬಲ್ ಅನ್ನೋದು ಅಲ್ಲಿ ಒಂದು ಮೇಲ್ ಮತ್ತೆ ಅದಕ್ಕೆ ಬಂದ ಉತ್ತರಗಳೆಲ್ಲ ಸೇರಿದ ಇಡೀ ಮಾತುಕತೆಗೆ ಅಂಟಿದ ಹಾಗೆ ಕಾಣುತ್ತೆ, ಮತ್ತೆ ನಮಗೆ ಬೇಕಾಗಿರೋದು ಅದೇ ಗುಣ.

ಮೂರು ಲೇಬಲ್ ಮಾಡ್ಕೊಳ್ಳಿ:

```
1-todo
2-wait
3-ref
```

ಮುಂದೆ ಅಂಕಿ ಯಾಕೆ ಅಂದ್ರೆ ಎಡಗಡೆ ಪಟ್ಟಿ ಅಕ್ಷರ ಕ್ರಮದಲ್ಲಿ ಬರುತ್ತೆ, ಅಂಕಿ ಇದ್ರೆ ಇವು ಮೂರೂ ಮೇಲೆ ಒಟ್ಟಿಗೆ ಇರುತ್ತೆ. ಮೊದಲೆರಡಕ್ಕೆ ಕಣ್ಣಿಗೆ ಹೊಡೆಯೋ ಬಣ್ಣ ಕೊಡಿ, ಮೂರನೇದಕ್ಕೆ ಬೂದು ಬಣ್ಣ ಸಾಕು.

ಈಗ ಮುಖ್ಯ ಭಾಗ. ಪ್ರಶ್ನೆ ಕೇಳಿ ಮೇಲ್ ಕಳಿಸಿದ್ರಿ, ಆ ಮಾತುಕತೆಗೆ `2-wait` ಹಾಕಿದ್ರಿ, ಆರ್ಕೈವ್ ಮಾಡಿದ್ರಿ. ಇನ್‌ಬಾಕ್ಸ್‌ನಲ್ಲಿ ಇಲ್ಲ. ನಾಲ್ಕು ದಿನ ಆದ್ಮೇಲೆ ಉತ್ತರ ಬಂತು, ಆಗ ಇಡೀ ಮಾತುಕತೆ ಇನ್‌ಬಾಕ್ಸ್‌ಗೆ ವಾಪಸ್ ಬರುತ್ತೆ, ಸಬ್ಜೆಕ್ಟ್ ಪಕ್ಕದಲ್ಲಿ `2-wait` ಅನ್ನೋ ಬಣ್ಣದ ಚೀಟಿ ಅಂಟ್ಕೊಂಡೇ ಬರುತ್ತೆ. ಅಂದ್ರೆ ಇನ್‌ಬಾಕ್ಸ್‌ನಲ್ಲಿ ಆ ಚೀಟಿ ಇರೋ ಮೇಲ್ ಕಂಡ್ರೆ ಒಂದೇ ಅರ್ಥ: ಕಾಯ್ತಿದ್ದಿದ್ದು ಬಂತು. ಫೋಲ್ಡರ್‌ನಲ್ಲಿ ಇದೇ ಕೊಂಡಿ ತಪ್ಪಿಹೋಗ್ತಿತ್ತು. ಮೇಲ್ ತೆಗೆದು, ಓದಿ, ಆ ಚೀಟಿ ತೆಗೆದು, ಈಗ ನನ್ನ ಕೆಲಸ ಇದ್ರೆ `1-todo` ಹಾಕೋದು, ಮುಗಿದಿದ್ರೆ ಏನೂ ಹಾಕದೆ ಆರ್ಕೈವ್ ಮಾಡೋದು. ಈ ಚೀಟಿ ಬದಲಾಯಿಸೋ ಹೆಜ್ಜೆ ಒಂದನ್ನ ಬಿಟ್ರೆ ಲೇಬಲ್ ಕೂಡ ಫೋಲ್ಡರ್ ಥರಾನೇ ಕೊಳೆಯುತ್ತೆ, ಅದ್ರಲ್ಲಿ ಮುಚ್ಚುಮರೆ ಏನಿಲ್ಲ.

ಲೇಬಲ್ ಹಾಕೋಕೆ ಸರಿಯಾದ ಸಮಯ ಮೇಲ್ ಬರೀತಿರುವಾಗಲೇ. ಕಂಪ್ಯೂಟರ್‌ನಲ್ಲಿ ಬರೆಯೋ ಕಿಟಕಿಯ ಕೆಳಗೆ ಮೂರು ಚುಕ್ಕೆ ಇದೆ, ಅದರಲ್ಲಿ Label ಅಂತ ಬರುತ್ತೆ, ಕಳಿಸೋ ಮುಂಚೆಯೇ ಹಾಕಬಹುದು. ಆಮೇಲೆ ಹಾಕ್ತೀನಿ ಅಂದ್ಕೊಂಡ್ರೆ ಸೆಂಟ್‌ಗೆ ಹೋಗಿ ಹುಡುಕ್ಬೇಕು, ಹೋಗಲ್ಲ, ನನಗೆ ನನ್ನ ಬಗ್ಗೆ ಗೊತ್ತು. ಕೀಬೋರ್ಡ್ ಶಾರ್ಟ್‌ಕಟ್ ಆನ್ ಮಾಡ್ಕೊಂಡಿದ್ರೆ ತೆರೆದ ಮೇಲ್ ಮೇಲೆ `l` ಒತ್ತಿದ್ರೆ ಲೇಬಲ್ ಪಟ್ಟಿ, `e` ಒತ್ತಿದ್ರೆ ಆರ್ಕೈವ್, `b` ಒತ್ತಿದ್ರೆ ಸ್ನೂಜ್. ಒಂದು ವಾರ ಕಷ್ಟ ಅನ್ಸುತ್ತೆ, ಆಮೇಲೆ ಬೆರಳೇ ಕಲ್ತುಬಿಡುತ್ತೆ.

ಇಲ್ಲಿ ಒಂದು ಅಪಾಯ ಇದೆ. ಸೆಟ್ಟಿಂಗ್ಸ್‌ನಲ್ಲಿ Send & Archive ಅನ್ನೋ ಬಟನ್ ತೋರಿಸೋ ಆಯ್ಕೆ ಇದೆ, ಉತ್ತರ ಕಳಿಸಿ ಅದೇ ಏಟಿಗೆ ಆರ್ಕೈವ್ ಕೂಡ ಮಾಡುತ್ತೆ. ತುಂಬಾ ಅನುಕೂಲ ಅಂತ ಎಲ್ಲರೂ ಆನ್ ಮಾಡ್ಕೋತಾರೆ. ಆದ್ರೆ ಲೇಬಲ್ ಹಾಕದೇ ಅದನ್ನ ಒತ್ತಿದ್ರೆ, ಉತ್ತರ ಬರದ ಮಾತುಕತೆ ಎಲ್ಲಿಂದಲೂ ಕಾಣದ ಹಾಗೆ ಮುಚ್ಚಿಹೋಗುತ್ತೆ. ಕಾಣೆಯಾಗ್ಬಾರ್ದು ಅಂತ ಇಷ್ಟೆಲ್ಲ ಕಟ್ಟಿ, ಕಾಣೆ ಮಾಡೋ ಬಟನ್‌ನ ಕೈಗೆ ಹತ್ತಿರ ಇಟ್ಕೊಂಡ ಹಾಗೆ. ಮೊದಲ ತಿಂಗಳು ಆಫ್ ಮಾಡಿಡಿ.

ಇನ್ನು ಎರಡನೇ ಪ್ರಶ್ನೆ, ಉತ್ತರ ಬರದೇ ಇರೋದು. ಲೇಬಲ್ ತಾನಾಗಿ ಎದ್ದು ಬರಲ್ಲ, ಇದು ಅದರ ನಿಜವಾದ ದೌರ್ಬಲ್ಯ. ನಾನು ಹುಡುಕಾಟದಿಂದ ಸರಿ ಮಾಡ್ಕೋತೀನಿ:

```
label:2-wait older_than:4d
```

ನಾಲ್ಕು ದಿನಕ್ಕಿಂತ ಹಳೇದಾದ, ಇನ್ನೂ ಕಾಯ್ತಿರೋ ಮೇಲ್‌ಗಳೆಲ್ಲ ಬರುತ್ತೆ. ವಾರಕ್ಕೆ ಎರಡು ಸಲ, ಸೋಮವಾರ ಮತ್ತೆ ಗುರುವಾರ, ಇದನ್ನ ಓಡಿಸಿದ್ರೆ ಸಾಕು. ಒಂದು ಸಣ್ಣ ವಿಷಯ ಗೊತ್ತಿರಲಿ: ಲೇಬಲ್ ಹಾಕಿದಾಗ ಆ ಮಾತುಕತೆಯಲ್ಲಿ ಆಗ್ಲೇ ಇರೋ ಹಳೇ ಮೇಲ್‌ಗಳಿಗೂ ಅದು ಅಂಟುತ್ತೆ, ಹಂಗಾಗಿ ಎರಡು ವಾರದಿಂದ ನಡೀತಿರೋ ಮಾತುಕತೆಗೆ ಇವತ್ತು ಲೇಬಲ್ ಹಾಕಿದ್ರೂ ಹಳೇ ಮೇಲ್ ಲೆಕ್ಕಕ್ಕೆ ಸಿಕ್ಕಿ ಅದು ಇವತ್ತೇ ಪಟ್ಟಿಯಲ್ಲಿ ಕಾಣಿಸಬಹುದು. ಇದ್ರಿಂದ ನಷ್ಟ ಏನಿಲ್ಲ, ಬೇಗ ಕಾಣುತ್ತೆ ಅಷ್ಟೇ, ಕಾಣದೇ ಇರೋದಕ್ಕಿಂತ ಲೇಸು.

ಪ್ರತಿ ಸಲ ಟೈಪ್ ಮಾಡೋಕೆ ಬೇಜಾರು ಅನ್ನೋರು ಸೆಟ್ಟಿಂಗ್ಸ್‌ನ Inbox ಟ್ಯಾಬ್‌ನಲ್ಲಿ Multiple inboxes ಆರಿಸ್ಕೊಂಡು ಒಂದು ವಿಭಾಗಕ್ಕೆ `label:1-todo`, ಇನ್ನೊಂದಕ್ಕೆ ಮೇಲಿನ ಹುಡುಕಾಟ ಹಾಕಿ. ಇನ್‌ಬಾಕ್ಸ್ ಪಕ್ಕದಲ್ಲೇ ಎರಡೂ ಪಟ್ಟಿ ಯಾವಾಗ್ಲೂ ಕಾಣ್ತಾ ಇರುತ್ತೆ. ಇಂಥ ಐದು ವಿಭಾಗ ಮಾಡೋಕೆ ಅವಕಾಶ ಇದೆ, ಆದ್ರೆ ಎರಡಕ್ಕಿಂತ ಜಾಸ್ತಿ ಮಾಡಿದ್ರೆ ಕಣ್ಣು ಯಾವುದನ್ನೂ ನೋಡಲ್ಲ. ಮೊಬೈಲ್‌ನಲ್ಲಿ ಈ ವಿಭಾಗ ಇಲ್ಲ, ಅಲ್ಲಿ ಲೇಬಲ್ ಹೆಸರನ್ನ ಒತ್ತಿ ನೋಡ್ಬೇಕು.

ದಿನಾಂಕ ಪಕ್ಕಾ ಇರೋ ವಿಷಯಕ್ಕೆ ಮಾತ್ರ ನಾನು ಲೇಬಲ್ ಜೊತೆ ಸ್ನೂಜ್ ಕೂಡ ಹಾಕ್ತೀನಿ. ಆಗ ಯಾಕೆ ಅನ್ನೋದನ್ನ ಲೇಬಲ್ ಹೇಳುತ್ತೆ, ಯಾವಾಗ ಅನ್ನೋದನ್ನ ಸ್ನೂಜ್ ಹೇಳುತ್ತೆ, ಸ್ನೂಜ್‌ನ ಕೊರತೆ ಅಲ್ಲಿಗೆ ತುಂಬುತ್ತೆ. ಎಲ್ಲದಕ್ಕೂ ಎರಡೂ ಹಾಕೋಕೆ ಹೋದ್ರೆ ಮೇಲ್‌ಗಿಂತ ಗುರುತಿನ ಕೆಲಸವೇ ಜಾಸ್ತಿ ಆಗುತ್ತೆ.

ಒಂದು ಉದಾಹರಣೆ, ದಿನ ದಿನದ ಲೆಕ್ಕದಲ್ಲಿ

ಒಂದು ಸಣ್ಣ ಸಂಚಿಕೆ ಪ್ರಿಂಟ್ ಮಾಡಿಸ್ತಿದೀರಿ ಅಂತಿಟ್ಕೊಳ್ಳಿ. ಮೂರು ಜನರ ಜೊತೆ ಮೇಲ್ ನಡೀತಿದೆ: ಮುಖಪುಟ ಮಾಡೋ ಡಿಸೈನರ್, ಒಬ್ಬ ಲೇಖಕಿ, ಮತ್ತೆ ಪ್ರೆಸ್‌ನವರು.

ಸೋಮವಾರ ಮೂರೂ ಕಡೆಯಿಂದ ಮೇಲ್ ಬಂದಿದೆ. ಡಿಸೈನರ್ ಮುಖಪುಟದ ಪ್ರೂಫ್ ಕಳಿಸಿ ನೋಡಿ ಹೇಳಿ ಅಂದಿದ್ದಾರೆ, ಅದು ನಿಮ್ಮ ಕೆಲಸ, `1-todo`. ಲೇಖಕಿ ಲೇಖನ ಕಳಿಸಿದ್ದಾರೆ ಆದ್ರೆ ಫೋಟೋ ಇಲ್ಲ, ನೀವು ಕೂಡ್ಲೇ "ಫೋಟೋ ಕಳಿಸಿ ಮೇಡಂ" ಅಂತ ಉತ್ತರ ಬರೆದು ಕಳಿಸುವಾಗಲೇ `2-wait` ಹಾಕಿ, ಆರ್ಕೈವ್ ಮಾಡಿದ್ರಿ. ಪ್ರೆಸ್‌ನವರು ಕಾಗದದ ಅಳತೆ ಮತ್ತೆ ರೇಟಿನ ಪಟ್ಟಿ ಕಳಿಸಿದ್ದಾರೆ, ನೋಡಿದ ಕೂಡ್ಲೇ ರೆಫರೆನ್ಸ್ ಅನ್ಸುತ್ತೆ, ಆದ್ರೆ ಕೊನೇ ಸಾಲಲ್ಲಿ "ಈ ರೇಟು 20ನೇ ತಾರೀಖಿನ ತನಕ" ಅಂತಿದೆ. ಅಲ್ಲಿಗೆ ಅದು ರೆಫರೆನ್ಸ್ ಅಲ್ಲ. 20ರ ಒಳಗೆ ಹ್ಞೂಂ ಅಥವಾ ಊಹ್ಞೂಂ ಅನ್ನೋ ಕೆಲಸ ಅದ್ರೊಳಗೆ ಅಡಗಿದೆ, ಅದಕ್ಕೆ `1-todo`, ಜೊತೆಗೆ 18ಕ್ಕೆ ಸ್ನೂಜ್.

ಕೆಲಸ ಅಡಗಿಕೊಳ್ಳೋದು ಹೆಚ್ಚಾಗಿ ಇಂಥ ಮೇಲ್‌ಗಳಲ್ಲೇ, ಮುಕ್ಕಾಲು ಪಾಲು ಮಾಹಿತಿ, ಕೊನೇ ಸಾಲಲ್ಲಿ ಒಂದು ಕೆಲಸ. ನನ್ನ ನಿಯಮ ಏನಂದ್ರೆ ಮಾಹಿತಿ ಮತ್ತು ಕೆಲಸ ಎರಡೂ ಇದ್ರೆ ಕೆಲಸದ ಗುರುತೇ ಗೆಲ್ಲುತ್ತೆ, ಕೆಲಸ ಮುಗಿದ ಮೇಲಷ್ಟೇ ರೆಫರೆನ್ಸ್.

ಸೋಮವಾರ ಸಂಜೆ ಪ್ರೂಫ್ ನೋಡಿ ಮೂರು ತಿದ್ದುಪಡಿ ಬರೆದು ಡಿಸೈನರ್‌ಗೆ ಕಳಿಸಿದ್ರಿ. ಈಗ `1-todo` ತೆಗೆದು `2-wait`. ತುಂಬಾ ಜನ ಇಲ್ಲಿ ತಪ್ಪೋದು: ಉತ್ತರ ಕೊಟ್ಟಾಯ್ತಲ್ಲ, ಮುಗೀತು ಅಂತ ಎಲ್ಲಾ ಗುರುತೂ ತೆಗೆದುಬಿಡ್ತಾರೆ. ನಿಮ್ಮ ಪಾಲಿನದು ಮುಗಿದಿದೆ, ಆದ್ರೆ ಮುಖಪುಟ ಮುಗಿದಿಲ್ಲ.

ಬುಧವಾರ ಡಿಸೈನರ್ ಉತ್ತರ ಬಂತು, ಇನ್‌ಬಾಕ್ಸ್‌ನಲ್ಲಿ `2-wait` ಚೀಟಿ ಜೊತೆ. ತೆಗೆದು ನೋಡಿದ್ರೆ ಪ್ರೂಫ್ ಇಲ್ಲ, ಒಂದು ಪ್ರಶ್ನೆ ಇದೆ, ಸಂಚಿಕೆಯ ಬೆನ್ನಿನ ಅಗಲ ಎಷ್ಟು ಮಿಲಿಮೀಟರ್ ಅಂತ. ಉತ್ತರ ಬಂತು ಅಂದ ಮಾತ್ರಕ್ಕೆ ಕೆಲಸ ಆಯ್ತು ಅಂತಲ್ಲ ಅನ್ನೋದಕ್ಕೆ ಇದೇ ಉದಾಹರಣೆ. ಅದನ್ನ ಪ್ರೆಸ್‌ನವರನ್ನ ಕೇಳಿ ಹೇಳ್ಬೇಕು. ಈಗ ಡಿಸೈನರ್ ಜೊತೆಗಿನ ಮಾತುಕತೆ `1-todo`, ಯಾಕಂದ್ರೆ ಅವರು ನಿಮಗೆ ಕಾಯ್ತಿದ್ದಾರೆ, ಪ್ರೆಸ್‌ಗೆ ಹೊಸದಾಗಿ ಕಳಿಸಿದ ಪ್ರಶ್ನೆ `2-wait`, ಯಾಕಂದ್ರೆ ನೀವು ಅವರಿಗೆ ಕಾಯ್ತಿದ್ದೀರಿ. ಒಂದು ಕೆಲಸ ಇನ್ನೊಂದಕ್ಕೆ ಕಟ್ಟಿಕೊಂಡಿದ್ದಾಗ ಎರಡೂ ಕಡೆ ಗುರುತು ಇರ್ಬೇಕು. ಬರೀ ಪ್ರೆಸ್ ಕಡೆ ಹಾಕಿಬಿಟ್ರೆ, ಅಗಲ ಗೊತ್ತಾದ ದಿನ ಅದನ್ನ ಡಿಸೈನರ್‌ಗೆ ಹೇಳೋದು ಮರ್ತುಹೋಗೋ ಸಾಧ್ಯತೆ ಇದೆ.

ಶುಕ್ರವಾರ ಆಯ್ತು, ಲೇಖಕಿಯಿಂದ ಫೋಟೋ ಬಂದಿಲ್ಲ. ನಾಲ್ಕು ದಿನದ ಹುಡುಕಾಟವನ್ನ ಮುಂದಿನ ಸೋಮವಾರ ಓಡಿಸಿದಾಗ ಆ ಮಾತುಕತೆ ಪಟ್ಟಿಯಲ್ಲಿ ಬಂತು. ಅದೇ ಮೇಲ್‌ಗೆ ಉತ್ತರವಾಗಿ ಒಂದು ಸಾಲು ನೆನಪಿಸಿದ್ರಿ. ಹೊಸ ಮೇಲ್ ಬರೀಬೇಡಿ, ಅದೇ ಮಾತುಕತೆಯಲ್ಲೇ ಬರೀರಿ, ಲೇಬಲ್ ಇರೋದು ಅಲ್ಲಿ.

ಮಂಗಳವಾರ ಲೇಖಕಿ ಫೋಟೋ ಕಳಿಸಿದ್ರು, ಆದ್ರೆ ಹೊಸ ಮೇಲ್ ಆಗಿ, "ಫೋಟೋಗಳು" ಅನ್ನೋ ಬೇರೆ ಸಬ್ಜೆಕ್ಟ್‌ನಲ್ಲಿ. ಇಲ್ಲಿ ಲೇಬಲ್ ಪದ್ಧತಿ ಸೋಲುತ್ತೆ. ಸಬ್ಜೆಕ್ಟ್ ಬದಲಾದ್ರೆ ಜಿಮೇಲ್ ಅದನ್ನ ಬೇರೆ ಮಾತುಕತೆ ಅಂತ ನೋಡುತ್ತೆ, 100 ಮೇಲ್ ದಾಟಿದ್ರೂ ಮಾತುಕತೆ ಕತ್ತರಿಸಿ ಹೊಸದು ಶುರು ಮಾಡುತ್ತೆ. ಹಳೇದ್ರಲ್ಲಿ `2-wait` ಹಂಗೇ ಉಳಿಯುತ್ತೆ. ಫೋನ್ ಮಾಡಿ ಉತ್ತರ ಹೇಳಿದ್ರೂ ಇದೇ ಕಥೆ. ಆದ್ರೆ ಈ ತಪ್ಪು ಬೀಳೋದು ಸುರಕ್ಷಿತ ಕಡೆಗೆ: ಮುಗಿದ ಕೆಲಸ ಬಾಕಿ ಅಂತ ಕಾಣುತ್ತೆ, ಬಾಕಿ ಇರೋದು ಮುಗಿದಿದೆ ಅಂತ ಕಾಣಲ್ಲ. ಗುರುವಾರದ ಹುಡುಕಾಟದಲ್ಲಿ ಕಣ್ಣಿಗೆ ಬೀಳುತ್ತೆ, ತೆಗೆದುಹಾಕಿದ್ರಾಯ್ತು.

ಜಿಮೇಲ್ ಅಲ್ಲದವರಿಗೆ

ಆಫೀಸ್‌ನಲ್ಲಿ ಔಟ್‌ಲುಕ್ ಇರೋರಿಗೆ ಆಯ್ಕೆ ಫ್ಲ್ಯಾಗ್ ಮತ್ತು ಕ್ಯಾಟಗರಿ ನಡುವೆ. ಕ್ಯಾಟಗರಿ ಬಣ್ಣದ ಚೀಟಿ ಥರ ಕಂಡ್ರೂ ಜಿಮೇಲ್ ಲೇಬಲ್ ಥರ ನಡ್ಕೊಳ್ಳಲ್ಲ, ಅದು ಒಂದೊಂದು ಮೇಲ್‌ಗೆ ಅಂಟೋದು, ಆಮೇಲೆ ಬರೋ ಉತ್ತರಕ್ಕೆ ತಾನಾಗಿ ಅಂಟಲ್ಲ. ಹಂಗಾಗಿ "ಕಾಯ್ತಿರೋದು" ಗುರುತಿಗೆ ನಾನು ಫ್ಲ್ಯಾಗ್‌ನೇ ಹೇಳ್ತೀನಿ. ಹಳೇ ಡೆಸ್ಕ್‌ಟಾಪ್ ಔಟ್‌ಲುಕ್‌ನಲ್ಲಿ ಮೇಲ್ ಬರೆಯುವಾಗಲೇ Message ಟ್ಯಾಬ್‌ನಲ್ಲಿ Follow Up ಒತ್ತಿ ದಿನಾಂಕ ಕೊಡಬಹುದು. ಕಳಿಸಿದ ಪ್ರತಿಯ ಮೇಲೆ ಫ್ಲ್ಯಾಗ್ ಉಳಿಯುತ್ತೆ, ಕೆಲಸಗಳ ಪಟ್ಟಿಯಲ್ಲಿ ಆ ದಿನಾಂಕದ ಜೊತೆ ಬಂದು ಕೂರುತ್ತೆ. ಲೇಬಲ್‌ಗೆ ಇಲ್ಲದ ದಿನಾಂಕ ಇಲ್ಲಿ ಇದೆ, ಇದು ದೊಡ್ಡ ಪ್ಲಸ್. ಉತ್ತರ ಬಂದಾಗ ಫ್ಲ್ಯಾಗ್ ತಾನಾಗಿ ಹೋಗಲ್ಲ, ನೀವೇ ಹೋಗಿ ಮುಗೀತು ಅಂತ ಒತ್ತಬೇಕು. "ಮಾಡೋದು" ಮತ್ತು "ಕಾಯ್ತಿರೋದು" ಎರಡಕ್ಕೂ ಫ್ಲ್ಯಾಗ್ ಆದ್ರೆ ಗುರುತಿಸೋದು ಹೆಂಗೆ ಅಂದ್ರೆ, ಕಳಿಸಿದ ಮೇಲ್ ಮೇಲಿರೋ ಫ್ಲ್ಯಾಗ್ ಕಾಯ್ತಿರೋದು, ಬಂದ ಮೇಲ್ ಮೇಲಿರೋದು ಮಾಡೋದು. ಸರಳವಾಗಿದೆ, ನಡೆಯುತ್ತೆ.

ಥಂಡರ್‌ಬರ್ಡ್‌ನಲ್ಲಿ ಟ್ಯಾಗ್ ಇದೆ, ಮೊದಲಿಂದಲೇ ಐದು ಇರುತ್ತೆ, ಅದ್ರಲ್ಲಿ ನಾಲ್ಕನೇದು To Do, ಐದನೇದು Later. ಕೀಬೋರ್ಡ್‌ನಲ್ಲಿ `4` ಒತ್ತಿದ್ರೆ To Do ಬೀಳುತ್ತೆ, `0` ಒತ್ತಿದ್ರೆ ಎಲ್ಲಾ ಟ್ಯಾಗ್ ಹೋಗುತ್ತೆ. Later ಹೆಸರು ಬದಲಾಯಿಸಿ Waiting ಮಾಡ್ಕೊಂಡ್ರೆ ಸಾಕು. ಟ್ಯಾಗ್ ಇಲ್ಲೂ ಒಂದೊಂದು ಮೇಲ್‌ಗೇ ಅಂಟೋದು. ಅದರ ಪಟ್ಟಿ ನೋಡೋಕೆ ಒಂದು ಉಳಿಸಿಟ್ಟ ಹುಡುಕಾಟದ ಫೋಲ್ಡರ್ ಮಾಡ್ಕೋಬೇಕು, ಮಾಡುವಾಗ ಹುಡುಕೋ ಜಾಗದಲ್ಲಿ Sent ಫೋಲ್ಡರ್‌ನ ಸೇರಿಸೋದು ಮರೀಬೇಡಿ. ಬರೀ ಇನ್‌ಬಾಕ್ಸ್ ಆರಿಸಿದ್ರೆ ಕಳಿಸಿದ ಮೇಲ್‌ಗೆ ಹಾಕಿದ ಟ್ಯಾಗ್ ಕಾಣೋದೇ ಇಲ್ಲ, ಪಟ್ಟಿ ಖಾಲಿ ಇದೆ, ಯಾವುದೂ ಬಾಕಿ ಇಲ್ಲ ಅಂತ ನೀವು ನೆಮ್ಮದಿಯಾಗಿರ್ತೀರಿ. ಮತ್ತೆ ಕೆಲವು ಸರ್ವರ್‌ಗಳು ಈ ಟ್ಯಾಗ್‌ನ ಉಳಿಸ್ಕೊಳ್ಳಲ್ಲ, ಆಗ ಅದು ಆ ಒಂದು ಕಂಪ್ಯೂಟರ್‌ನಲ್ಲಿ ಮಾತ್ರ ಇರುತ್ತೆ. ಒಂದು ಮೇಲ್‌ಗೆ ಟ್ಯಾಗ್ ಹಾಕಿ ಇನ್ನೊಂದು ಕಂಪ್ಯೂಟರ್‌ನ ಥಂಡರ್‌ಬರ್ಡ್‌ನಲ್ಲಿ ತೆಗೆದು ನೋಡಿದ್ರೆ ಗೊತ್ತಾಗುತ್ತೆ.

ರೆಫರೆನ್ಸ್ ಬಗ್ಗೆ ಒಂದೆರಡು ಮಾತು

ಇದಕ್ಕೆ ಲೇಬಲ್ ಬೇಕಾ ಅಂತಲೇ ನನಗೆ ಅನುಮಾನ. ಮುಗಿದ ಮೇಲ್‌ನ ಆರ್ಕೈವ್ ಮಾಡಿದ್ರೆ ಅದು ಅಳಿಸಿಹೋಗಲ್ಲ, ಬೇಕಾದಾಗ ಹುಡುಕಿದ್ರೆ ಸಿಗುತ್ತೆ. `3-ref` ಹಾಕೋದು ಒಂದೇ ಸಂದರ್ಭದಲ್ಲಿ: ಮುಂದೆ ಹುಡುಕುವಾಗ ನನ್ನ ತಲೆಗೆ ಬರೋ ಪದ ಆ ಮೇಲ್‌ನಲ್ಲಿ ಇಲ್ಲದೇ ಇದ್ರೆ. ಸಬ್ಜೆಕ್ಟ್ "Scan" ಅಂತ, ಒಳಗೆ "ನೋಡಿ" ಅಂತ ಒಂದೇ ಪದ, ಜೊತೆಗೆ ಒಂದು ಪಿಡಿಎಫ್, ಇಂಥ ಮೇಲ್‌ನ ಯಾವ ಪದ ಹಾಕಿ ಹುಡುಕ್ತೀರಾ? ಅಂಥದ್ದಕ್ಕೆ ಮಾತ್ರ ಲೇಬಲ್ ಹಾಕಿ, ಆಗ ಆ ಪಟ್ಟಿ ಚಿಕ್ಕದಾಗೇ ಇರುತ್ತೆ, ಕಣ್ಣಾಡಿಸಿದ್ರೆ ಸಿಗುತ್ತೆ.

ಫಿಲ್ಟರ್ ಹಾಕಿ ತಾನಾಗೇ ರೆಫರೆನ್ಸ್‌ಗೆ ಹೋಗೋ ಹಂಗೆ ಮಾಡೋರು ಸ್ವಲ್ಪ ನಿಲ್ಲಿ. ರಸೀದಿ, ಸುದ್ದಿಪತ್ರ, ಯಂತ್ರ ಕಳಿಸೋ ವರದಿ ಇವಕ್ಕೆಲ್ಲ Skip the Inbox ಹಾಕಿದ್ರೆ ಸರಿ. ಮನುಷ್ಯರು ಬರೆಯೋ ಮೇಲ್‌ಗೆ ಮಾತ್ರ ಬೇಡ, ಸಿಸಿಯಲ್ಲಿ ಬಂದಿದ್ದಾದ್ರೂ ಸರಿ. ಸಿಸಿಯಲ್ಲಿ ಬಂದಿದ್ದು ಬರೀ ಗಮನಕ್ಕೆ ಅಂದ್ಕೊಂಡು ಎಲ್ಲಾ ಪಕ್ಕಕ್ಕೆ ಹೋಗೋ ಹಾಗೆ ನಾನು ಮಾಡಿದ್ದೆ, ನಾಲ್ಕನೇ ಪ್ಯಾರಾದಲ್ಲಿ ನನ್ನ ಹೆಸರು ಹಾಕಿ "ಇದನ್ನ ಅವರು ಬುಧವಾರದೊಳಗೆ ಕಳಿಸ್ತಾರೆ" ಅಂತ ಬರೆದಿದ್ದ ಮೇಲ್ ಮೂರು ವಾರ ಅಲ್ಲೇ ಇತ್ತು. ಆ ಫಿಲ್ಟರ್ ಈಗ್ಲೂ ಇದೆ, Skip the Inbox ಟಿಕ್ ತೆಗೆದು ಬರೀ ಬೂದು ಬಣ್ಣದ "cc" ಅನ್ನೋ ಲೇಬಲ್ ಹಾಕೋ ಹಂಗೆ ಬದಲಾಯಿಸಿದೀನಿ. ಇನ್‌ಬಾಕ್ಸ್‌ಗೇ ಬರುತ್ತೆ, ಕೊನೆಯಲ್ಲಿ ಓದ್ತೀನಿ, ಆದ್ರೆ ಓದ್ತೀನಿ.